ಬೇರೆ ಧರ್ಮದವರ ಮದುವೆ: ಸರ್ಕಾರಿ ಕಾನೂನಿನಲ್ಲಿ ನೋಟಿಸು, ವಿಚ್ಛೇದನ, ಕಾಯುವ ಅವಧಿ

ಮಗ ಅಥವಾ ಮಗಳು ಬೇರೆ ಧರ್ಮದವರನ್ನು ಮದುವೆಯಾಗಲು ಹೊರಟ ಸುದ್ದಿ ಕೆಲವು ಮನೆಗಳಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ನೋಟಿಸು ಫಲಕದಿಂದಲೇ ತಿಳಿಯುತ್ತದೆ. ಇದರ ಶರೀಅತ್ ವಿಧಿಯನ್ನು ಉಲಮಾಗಳಿಂದ ಕೇಳಬೇಕು. ಇಲ್ಲಿ ನಾವು ಹೇಳುವುದು 1954ರ ವಿಶೇಷ ವಿವಾಹ ಕಾಯ್ದೆಯ ಸಂಗತಿ ಮಾತ್ರ. ಈ ಕಾಯ್ದೆಯಡಿ ಯಾರೂ ಮತಾಂತರವಾಗಬೇಕಿಲ್ಲ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಹುಡುಗಿ ಕುಂದಾಪುರ ತಾಲೂಕಿನ ಗಂಗೊಳ್ಳಿಯವಳು, ಹುಡುಗ ಬ್ರಹ್ಮಾವರದವನು. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನಗಳಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ಹುಡುಗನ ಕಾಯಂ ಮನೆ ಬ್ರಹ್ಮಾವರದ ಬದಲು ಮಂಗಳೂರಿನಲ್ಲಿದ್ದರೆ, ನೋಟಿಸಿನ ಪ್ರತಿ ಅಲ್ಲಿಗೂ ಹೋಗಿ ಅಲ್ಲಿನ ಫಲಕದಲ್ಲೂ ಅಂಟುತ್ತದೆ.

ನೋಟಿಸು ಜೂನ್ 2ರಂದು ಕೊಟ್ಟು ಅದೇ ದಿನ ಪ್ರಕಟವಾಯಿತು ಎಂದುಕೊಳ್ಳಿ. ಆಗ ಜುಲೈ 2ರವರೆಗೆ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಆದರೆ ಆಕ್ಷೇಪಕ್ಕೆ ಕಾರಣಗಳು ಕೆಲವೇ: ಒಬ್ಬರಿಗೆ ಈಗಾಗಲೇ ಜೀವಂತ ಪತಿ ಅಥವಾ ಪತ್ನಿ ಇರುವುದು, ಹುಡುಗನಿಗೆ 21 ಅಥವಾ ಹುಡುಗಿಗೆ 18 ತುಂಬದಿರುವುದು, ಸಮ್ಮತಿ ಕೊಡಲಾಗದ ಮಾನಸಿಕ ಸ್ಥಿತಿ, ನಿಷೇಧಿತ ರಕ್ತಸಂಬಂಧ. ತಂದೆತಾಯಿ ಒಪ್ಪಿಲ್ಲ, ಧರ್ಮ ಬೇರೆ ಎಂಬುದು ಕಾರಣವಾಗದು. ಆಕ್ಷೇಪ ಬಂದರೆ ಅಧಿಕಾರಿ 30 ದಿನಗಳೊಳಗೆ ವಿಚಾರಿಸಿ ತೀರ್ಮಾನಿಸಬೇಕು. ಆಕ್ಷೇಪವೇ ಬಾರದಿದ್ದರೆ ಮೂವರು ಸಾಕ್ಷಿಗಳ ಮುಂದೆ ಮದುವೆ ನಡೆಯುತ್ತದೆ. ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಹೊಸ ನೋಟಿಸೇ ಕೊಡಬೇಕು.

ಮನೆಯವರು ಹೆಚ್ಚಾಗಿ ತಪ್ಪು ತಿಳಿಯುವುದು ಮುಂದಿನ ಮಾತನ್ನು. ಹೀಗೆ ಆದ ಮದುವೆಯನ್ನು ತಲಾಕ್ ಅಥವಾ ಖುಲಾ ಹೇಳಿ ಮುಗಿಸಲಾಗದು, ಜಮಾಅತ್ ಬರೆದುಕೊಟ್ಟ ಪತ್ರವೂ ಸಾಲದು. ನ್ಯಾಯಾಲಯದ ಡಿಕ್ರಿಯೇ ಬೇಕು. ವ್ಯಭಿಚಾರ, ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರುವುದು, ಏಳು ವರ್ಷದಿಂದ ಸುದ್ದಿಯೇ ಇಲ್ಲದಿರುವುದು ಇತ್ಯಾದಿ ಕಾರಣಗಳಿಗೆ ಅರ್ಜಿ ಹಾಕಬಹುದು. ಆದರೆ ಮದುವೆಯಾಗಿ ಒಂದು ವರ್ಷ ಆಗುವ ಮೊದಲು ಸಾಮಾನ್ಯವಾಗಿ ಅರ್ಜಿ ಸ್ವೀಕರಿಸುವುದಿಲ್ಲ. ಅಸಾಧಾರಣ ಕಷ್ಟವಿದ್ದರೆ ನ್ಯಾಯಾಲಯ ಅನುಮತಿ ಕೊಡಬಹುದು.

ಇಬ್ಬರೂ ಒಪ್ಪಿದರೆ ದಾರಿ ಬೇರೆ. ಒಂದು ವರ್ಷ ಬೇರೆ ಬೇರೆಯಾಗಿ ಬಾಳಿದ ಮೇಲೆ ಜಂಟಿ ಅರ್ಜಿ ಹಾಕಬೇಕು. ಆರು ತಿಂಗಳ ನಂತರ, 18 ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು ಅದೇ ಮಾತು ಹೇಳಬೇಕು.

ಡಿಕ್ರಿ ಬಂದ ಮಾರನೆಯ ದಿನವೇ ಮರುಮದುವೆ ಆಗುವಂತಿಲ್ಲ. ಮೇಲ್ಮನವಿಯ 90 ದಿನ ಕಳೆಯಬೇಕು, ಮೇಲ್ಮನವಿ ಹಾಕಿದ್ದರೆ ಅದು ವಜಾ ಆಗಬೇಕು. ಇದು ಇದ್ದತ್ ಅಲ್ಲ, ಗಂಡಿಗೂ ಹೆಣ್ಣಿಗೂ ಒಂದೇ ನಿಯಮ.

ಆಸ್ತಿಯ ಮಾತೂ ತಿಳಿದಿರಲಿ. ಈ ಮದುವೆಯಾದ ಮುಸ್ಲಿಮರ ಆಸ್ತಿ ಮುಂದೆ ಹಂಚಿಕೆಯಾಗುವುದು ಫರಾಯಿಝ್ ಪ್ರಕಾರ ಅಲ್ಲ, ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ.