ನೊರೆ ನೊರೆಯಾದ ಸ್ರಾವ: ಯಾವ ಪರೀಕ್ಷೆ?

ಹಸಿರು ಮಿಶ್ರಿತ ಹಳದಿ ಬಣ್ಣದ ನೊರೆಸ್ರಾವ, ಜೊತೆಗೆ ಮೂತ್ರ ಮಾಡುವಾಗ ಉರಿ. ಇದು ಯಾವ ರೋಗ, ಪರೀಕ್ಷೆ ಹೇಗೆ ಎಂದು ಕೊಟ್ಟೂರಿನ ಓದುಗರೊಬ್ಬರು ಕೇಳಿದ್ದಾರೆ.

ಮೊದಲು ಅನುಮಾನ ಬರುವುದು ಟ್ರೈಕೊಮೋನಿಯಾಸಿಸ್ ಮೇಲೆ. ಲೈಂಗಿಕ ಸಂಪರ್ಕದಿಂದ ಹರಡುವ, ಬಾಲದಂಥ ಎಳೆಗಳಿಂದ ಈಜುವ ಏಕಕೋಶ ಜೀವಿಯೊಂದು ಇದಕ್ಕೆ ಕಾರಣ. ಆದರೆ ಬಣ್ಣ ನೋಡಿ ತೀರ್ಮಾನಿಸುವಂತಿಲ್ಲ. ಸೋಂಕಿದ್ದ ಅನೇಕರಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ.

ವೈದ್ಯರು ಯೋನಿಯಿಂದ ಹತ್ತಿಕಡ್ಡಿಯಲ್ಲಿ ಸ್ರಾವ ತೆಗೆದು, ಗಾಜಿನ ಪಟ್ಟಿಯ ಮೇಲೆ ಉಪ್ಪುನೀರಿನ ಹನಿಯಲ್ಲಿ ಬೆರೆಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಜೀವಿ ಜರ್ಕು ಹೊಡೆಯುತ್ತ ಓಡಾಡಿದರೆ ರೋಗ ಖಚಿತ. ತಡಮಾಡಿದರೆ ಅದರ ಚಲನೆ ನಿಲ್ಲುತ್ತದೆ, ಗುರುತು ಸಿಗುವುದಿಲ್ಲ. ಹಾಗಾಗಿ ಸ್ಲೈಡನ್ನು ಕೆಲವೇ ನಿಮಿಷಗಳಲ್ಲಿ ನೋಡಬೇಕು. ಆಗಲೂ ಅರ್ಧದಷ್ಟು ಸೋಂಕು ತಪ್ಪಿಹೋಗಬಹುದು. ಜೀವಿಯ ವಂಶವಾಹಿ ಹುಡುಕುವ ಪರೀಕ್ಷೆ ಹೆಚ್ಚು ನಿಖರ. ಪರೀಕ್ಷೆಗೆ ಮುನ್ನ ಒಳಗೆ ತೊಳೆದುಕೊಳ್ಳಬಾರದು.

ಗೊನೊರಿಯಾ, ಕ್ಲಮೀಡಿಯಾಗಳಿಗೂ ಇಂಥ ವಂಶವಾಹಿ ಪರೀಕ್ಷೆಯಿದೆ. ಸಿಫಿಲಿಸ್, ಎಚ್‌ಐವಿಗೆ ರಕ್ತ ಬೇಕು.

ಪ್ರಯೋಗಾಲಯದ ವರದಿಗೆ ಕಾಯದೆ, ಲಕ್ಷಣ ಆಧರಿಸಿಯೇ ಔಷಧಿ ಕೊಡುವ ಪದ್ಧತಿ ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ’ ಕ್ಲಿನಿಕ್‌ಗಳಲ್ಲಿದೆ. ಯೋನಿಸ್ರಾವಕ್ಕೆ ಹಸಿರು ಬಣ್ಣದ ಕಿಟ್: ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ, ಔಷಧಿ ಬದಲಾಗುತ್ತದೆ.

ಗಂಡನಿಗೆ ಏನೂ ಕಾಣದಿದ್ದರೂ ಟ್ರೈಕೊಮೋನಿಯಾಸಿಸ್ ಖಚಿತವಾದರೆ ಅವನಿಗೂ ಚಿಕಿತ್ಸೆ ಬೇಕು, ಇಲ್ಲದಿದ್ದರೆ ಸೋಂಕು ಮರಳುತ್ತದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಉಚಿತ ಸಹಾಯವಾಣಿ: 1097.