ಸಮನ್ಸ್, ಮುಂದೂಡಿಕೆ, ರಿಮ್ಯಾಂಡ್: ಸಾಕ್ಷಿಯ ಒಂದು ದಿನ

ಹೆದ್ದಾರಿ ಬದಿಯ ಟೀ ಅಂಗಡಿಯವರೊಬ್ಬರು ಲಾರಿ ಬೈಕಿಗೆ ಗುದ್ದಿದ್ದನ್ನು ಕಣ್ಣಾರೆ ಕಂಡಿದ್ದಾರೆ ಎಂದಿಟ್ಟುಕೊಳ್ಳಿ. ಎಷ್ಟೋ ತಿಂಗಳ ಮೇಲೆ ಪೊಲೀಸರೊಬ್ಬರು ಅವರ ಕೈಗೆ ಸಮನ್ಸ್ ಕೊಡುತ್ತಾರೆ. ಮನೆಯವರೆಲ್ಲ ಗಾಬರಿ. ಸಮನ್ಸ್ ಎಂದರೆ ಇಂಥ ದಿನ ಬನ್ನಿ ಎಂಬ ನ್ಯಾಯಾಲಯದ ಕರೆ, ಅಷ್ಟೇ. ಸಾಕ್ಷಿಗೂ ಅದೇ ಬರುತ್ತದೆ, ಆರೋಪಿಗೂ ಅದೇ. ಯಾರಾಗಿ ಕರೆದಿದ್ದಾರೆ ಎಂಬುದು ಆ ಹಾಳೆಯಲ್ಲೇ ಇರುತ್ತದೆ. ಮೊದಲು ನೋಡಬೇಕಾದ್ದು ಅದು, ಆಮೇಲೆ ದಿನಾಂಕ ಮತ್ತು ಪ್ರಕರಣದ ಸಂಖ್ಯೆ. ಅವರು ಮನೆಯಲ್ಲಿ ಸಿಗದಿದ್ದರೆ ಒಟ್ಟಿಗಿರುವ ಕುಟುಂಬದ ವಯಸ್ಕರ ಕೈಗೆ ಕೊಡಬಹುದು. ಹಿಂದಿನ ಕಾನೂನು ಗಂಡಸರನ್ನಷ್ಟೇ ಹೆಸರಿಸಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಹೆಂಗಸರ ಕೈಗೂ ಕೊಡಬಹುದು. ಸಮನ್ಸ್ ತಲುಪಿಯೂ ಹೋಗದಿದ್ದರೆ ವಾರಂಟ್ ಹೊರಡಬಹುದು, ಅದು ಕರೆಯಲ್ಲ, ಹಿಡಿದು ತರಲು ಪೊಲೀಸರಿಗೆ ಕೊಟ್ಟ ಆದೇಶ.

ಅಂಗಡಿ ಮುಚ್ಚಿ ಹೋದರು. ಜವಾನ ಹೆಸರು ಕೂಗಿದ. ಒಳಗೆ ಹೋದರೆ ಆರೋಪಿಯ ವಕೀಲರು ಸಮಯ ಕೇಳುತ್ತಿದ್ದಾರೆ. ಇದು ಮುಂದೂಡಿಕೆ, ಕೋರ್ಟಿನ ಆವರಣದಲ್ಲಿ ಎಲ್ಲರೂ 'ಡೇಟ್ ಕೊಟ್ರು' ಅನ್ನುತ್ತಾರೆ. ಸಾಕ್ಷಿ ಹಾಜರಿದ್ದಾಗ ವಿಚಾರಿಸದೆ ಕಳಿಸಬಾರದು, ಕಳಿಸುವುದಾದರೆ ವಿಶೇಷ ಕಾರಣ ಬರೆದಿಡಬೇಕು ಎನ್ನುತ್ತದೆ ಕಾನೂನು. ವಕೀಲರಿಗೆ ಇನ್ನೊಂದು ಕೋರ್ಟಿನಲ್ಲಿ ಕೆಲಸವಿದೆ ಎಂಬುದು ಕಾರಣವೇ ಅಲ್ಲ. ಆದರೂ ದಿನಾಂಕ ಬೀಳುವುದುಂಟು. ನ್ಯಾಯಾಧೀಶರು ರಜೆಯಲ್ಲಿದ್ದರೆ ಯಾರೂ ಏನೂ ಮಾಡುವಂತಿಲ್ಲ. ಅಂಥ ಹೊತ್ತಿನಲ್ಲಿ ಸುಮ್ಮನೆ ಎದ್ದು ಬರಬಾರದು. ಮುಂದಿನ ದಿನ ಬರುವೆನೆಂದು ಸಾಕ್ಷಿಯಿಂದ ಒಪ್ಪಿಗೆ ಪಡೆದಿದ್ದರೆ ಹೊಸ ಸಮನ್ಸ್ ಬಾರದೇ ಇರಬಹುದು. 'ಸಮನ್ಸೇ ಬರಲಿಲ್ಲವಲ್ಲ' ಎಂದು ಮನೆಯಲ್ಲಿ ಕುಳಿತವರಿಗೆ ವಾರಂಟ್ ಬರುವುದು ಹೀಗೇ. ಹೊರಡುವ ಮುನ್ನ ಬೆಂಚ್ ಕ್ಲರ್ಕರನ್ನೋ ಸರ್ಕಾರಿ ವಕೀಲರನ್ನೋ ಕೇಳಿ ದಿನಾಂಕ ಬರೆದುಕೊಳ್ಳಬೇಕು. ಬಸ್ ಖರ್ಚಿನ ಭತ್ಯೆಯನ್ನೂ ಆಗಲೇ ವಿಚಾರಿಸಬಹುದು.

ಅಷ್ಟರಲ್ಲಿ ಪೊಲೀಸರು ಯಾರನ್ನೋ ಕರೆತಂದು ನಿಲ್ಲಿಸುತ್ತಾರೆ. 'ರಿಮ್ಯಾಂಡ್' ಎಂಬ ಮಾತು ಕೇಳಿ ಶಿಕ್ಷೆಯಾಯಿತೆಂದೇ ಅನೇಕರು ತಿಳಿಯುತ್ತಾರೆ. ಸೋಮವಾರ ಸಂಜೆ 6ಕ್ಕೆ ಬಂಧಿಸಿದವನನ್ನು, ಪ್ರಯಾಣದ ಹೊತ್ತು ಬಿಟ್ಟು, ಮಂಗಳವಾರ ಸಂಜೆ 6ರೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಅಲ್ಲಿಂದಾಚೆಗೂ ಬಂಧನದಲ್ಲಿಡಲು ಅವರು ಕೊಡುವ ಆದೇಶವೇ ರಿಮ್ಯಾಂಡ್. ಅದರಲ್ಲಿ ಎರಡು ಬಗೆ. ಪೊಲೀಸ್ ಕಸ್ಟಡಿ ಎಂದರೆ ವಿಚಾರಣೆಗಾಗಿ ಠಾಣೆಯ ವಶ, ಒಟ್ಟು 15 ದಿನ ಮೀರುವಂತಿಲ್ಲ. ನ್ಯಾಯಾಂಗ ಬಂಧನ ಎಂದರೆ ಜೈಲು. 60 ದಿನದಲ್ಲಿ, ಗಂಭೀರ ಅಪರಾಧವಾದರೆ 90 ದಿನದಲ್ಲಿ, ತನಿಖೆ ಮುಗಿದು ಆರೋಪಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಅವನ ಹಕ್ಕು. ಆದರೆ ತಾನಾಗಿ ಬಾಗಿಲು ತೆರೆಯುವುದಿಲ್ಲ: ಆರೋಪಪಟ್ಟಿ ಬರುವ ಮೊದಲೇ ಅರ್ಜಿ ಹಾಕಬೇಕು, ಜಾಮೀನು ಒದಗಿಸಬೇಕು.