ಈಜಿದ ಮೇಲೆ ಕಿವಿನೋವಾ? ಮನೇಲಿರೋ ಹಳೇ ಡ್ರಾಪ್ಸ್ ಹಾಕೋ ಮುಂಚೆ ಇದನ್ನ ಓದಿ

ಬೇಸಿಗೆ ಬಂತು ಅಂದ್ರೆ ಪುಣೆಯ ನನ್ನ ಕ್ಲಿನಿಕ್‌ಗೆ ಸೋಮವಾರ ಬೆಳಿಗ್ಗೆ ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡೇ ಜನ ಬರ್ತಾರೆ. ಶನಿವಾರ, ಭಾನುವಾರ ಅಪಾರ್ಟ್‌ಮೆಂಟ್ ಪೂಲ್‌ನಲ್ಲಿ ಈಜಿರ್ತಾರೆ. ಹೋದ ವರ್ಷ ಹಿಂಜೆವಾಡಿಯಲ್ಲಿ ಕೆಲಸ ಮಾಡೋ ಹುಬ್ಬಳ್ಳಿಯ ಹುಡುಗನೊಬ್ಬ ಹೀಗೇ ಬಂದ. "ಸರ, ಮೂರು ರಾತ್ರಿ ಆತು, ಆ ಮಗ್ಗಲಾ ಮಲಗಾಕ ಆಗವಲ್ದ್ರಿ" ಅಂದ.

ಕಿವಿ ರಂಧ್ರದ ಮುಂದೆ, ಕೆನ್ನೆ ಕಡೆಗೆ ಒಂದು ಸಣ್ಣ ಮೆದು ಮೂಳೆ ಇರುತ್ತಲ್ಲ, ಅದನ್ನ ಮೆಲ್ಲಗೆ ಒತ್ತಿದೆ. ಚೀರಿದ. ಕಿವಿ ಹಾಲೆ ಎಳೆದಾಗಲೂ ಅಷ್ಟೇ. ಹೀಗೆ ನೋವು ಜಾಸ್ತಿಯಾದ್ರೆ ಸೋಂಕು ಹೊರಕಿವಿಯ ಕೊಳವೆಯಲ್ಲಿದೆ ಅಂತ ಲೆಕ್ಕ. ನೆಗಡಿಯ ಜೊತೆ ಬರೋ ಒಳಗಿನ ಕಿವಿನೋವಿನಲ್ಲಿ ಸಾಮಾನ್ಯವಾಗಿ ಹೀಗಾಗಲ್ಲ.

ಯಾಕೆ ಬರುತ್ತೆ? ಈ ಕೊಳವೆ ಸುಮಾರು 2.5 ಸೆಂಟಿಮೀಟರ್ ಉದ್ದ ಇರುತ್ತೆ. ಅದರೊಳಗಿನ ಗುಗ್ಗೆ ಕೊಳೆಯಲ್ಲ, ಚರ್ಮಕ್ಕೆ ರಕ್ಷಣೆ. ನೀರು ಒಳಗೇ ನಿಂತ್ರೆ ಗುಗ್ಗೆ ತೊಳೆದುಹೋಗಿ ಚರ್ಮ ನೆನೆದು ಮೆತ್ತಗಾಗುತ್ತೆ. ಆಮೇಲೆ ನಾವು ನೀರು ತೆಗೀತೀವಿ ಅಂತ ಬಡ್ಸ್ ಹಾಕಿ ತಿರುಗಿಸ್ತೀವಿ, ಚರ್ಮ ತರಚುತ್ತೆ. ತೇವ ಇರೋ ಕಡೆ ಬೆಳೆಯೋ ಸೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾಕ್ಕೆ ಅಷ್ಟು ಸಾಕು.

ನಮ್ಮ ಹುಡುಗ ಏನು ಮಾಡಿದ್ದ? ಅಮ್ಮ ಫೋನ್‌ನಲ್ಲಿ ಹೇಳಿದ್ರು ಅಂತ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಿದ್ದ. ಕಡಿಮೆ ಆಗಲಿಲ್ಲ ಅಂತ ರೂಮ್‌ಮೇಟ್ ಹತ್ರ ಇದ್ದ ಡ್ರಾಪ್ಸ್ ಹಾಕಿದ್ದ. ಅದು ಗುಗ್ಗೆ ಕರಗಿಸೋ ಡ್ರಾಪ್ಸ್. ಅದರಿಂದ ಸೋಂಕು ಹೋಗಲ್ಲ, ಉರಿ ಬೇರೆ. ಬ್ಯಾಕ್ಟೀರಿಯಾ ಸೋಂಕಿಗೆ ಬೇಕಾಗೋದು ಆಂಟಿಬಯೋಟಿಕ್ ಡ್ರಾಪ್ಸ್, ಬಾವು ಇಳಿಸೋಕೆ ಅದರ ಜೊತೆ ಸ್ವಲ್ಪ ಸ್ಟೀರಾಯ್ಡ್. ಸಾಮಾನ್ಯ ಕೇಸಲ್ಲಿ ಆಂಟಿಬಯೋಟಿಕ್ ಮಾತ್ರೆ ಬೇಕಾಗಲ್ಲ, ಔಷಧಿ ನೇರ ಜಾಗಕ್ಕೇ ತಲುಪುತ್ತೆ.

ಅವನಿಗೆ ಕೊಳವೆ ಎಷ್ಟು ಊದಿತ್ತು ಅಂದ್ರೆ ಕಿವಿ ತಮಟೆಯೇ ಕಾಣ್ತಿರಲಿಲ್ಲ. ಇಲ್ಲಿ ಎಚ್ಚರ ಬೇಕು. ತಮಟೆಯಲ್ಲಿ ತೂತಿದ್ದು ಜೆಂಟಾಮೈಸಿನ್, ನಿಯೋಮೈಸಿನ್ ಇರೋ ಡ್ರಾಪ್ಸ್ ಒಳಗೆ ಇಳಿದ್ರೆ ಕೇಳೋ ಶಕ್ತಿಗೇ ಪೆಟ್ಟು ಬೀಳಬಹುದು. ಅದಕ್ಕೇ ತೂತಿದ್ರೂ ತೊಂದರೆ ಮಾಡದ ಸಿಪ್ರೊಫ್ಲಾಕ್ಸಸಿನ್, ಡೆಕ್ಸಾಮೆಥಸೋನ್ ಸೇರಿದ ಡ್ರಾಪ್ಸ್ ಆರಿಸಿದೆ. ದಿನಕ್ಕೆ ಎರಡು ಸಲ, 4 ಹನಿ, 7 ದಿನ. ಆದ್ರೆ ದಾರಿಯೇ ಮುಚ್ಚಿದ್ರೆ ಹನಿ ಒಳಗೆ ಹೋಗೋದೆಲ್ಲಿ? ಕೀವು ಹೀರಿ ತೆಗೆದು ಒಂದು ಸಣ್ಣ ಬತ್ತಿ ಇಟ್ಟೆ. ಔಷಧಿ ಬತ್ತಿಯ ಮೂಲಕ ಒಳಗಿಳಿಯುತ್ತೆ. ನೋವಿಗೆ ಪ್ಯಾರಾಸಿಟಮಾಲ್.

ಡ್ರಾಪ್ಸ್ ಹಾಕೋ ರೀತಿ ಹೀಗೆ. ಬಾಟಲಿಯನ್ನ ಎರಡು ನಿಮಿಷ ಅಂಗೈಯಲ್ಲಿ ಹಿಡ್ಕೊಳ್ಳಿ, ತಣ್ಣಗಿನ ಹನಿ ಬಿದ್ರೆ ತಲೆ ತಿರುಗುತ್ತೆ. ನೋವಿರೋ ಕಿವಿ ಮೇಲೆ ಬರೋ ಹಾಗೆ ಮಲಗಿ. ಹನಿ ಬಿಟ್ಟ ಮೇಲೆ ಆ ಮೆದು ಮೂಳೆಯನ್ನ ನಾಲ್ಕೈದು ಸಲ ಮೆಲ್ಲಗೆ ಒತ್ತಿ, ಐದು ನಿಮಿಷ ಹಾಗೇ ಮಲಗಿರಿ. ಹಾಕಿದ ತಕ್ಷಣ ಎದ್ದು ಲ್ಯಾಪ್‌ಟಾಪ್ ಮುಂದೆ ಕೂತ್ರೆ ಔಷಧಿ ಕತ್ತಿಗೆ ಇಳಿಯುತ್ತೆ ಅಷ್ಟೇ.

ಎರಡು ದಿನ ಬಿಟ್ಟು ಬಂದಾಗ ಊತ ಇಳಿದಿತ್ತು, ಬತ್ತಿ ತೆಗೆದೆ. ತಮಟೆ ಸರಿಯಾಗಿತ್ತು. "ನೋವಿಲ್ಲ ಸರ, ಶನಿವಾರ ಈಜಲೇನ್ರಿ?" ಅಂತ ಕೇಳಿದ. ಎಡವೋದೇ ಇಲ್ಲಿ. ನೋವು ಎರಡು ಮೂರು ದಿನಕ್ಕೆ ಇಳಿಯುತ್ತೆ, ಚರ್ಮ ಮಾಯೋಕೆ ಇನ್ನೂ ಸಮಯ ಬೇಕು. ಒಂದು ವಾರದಿಂದ ಹತ್ತು ದಿನ ಪೂಲ್ ಬೇಡ. ತಲೆಸ್ನಾನ ಮಾಡುವಾಗ ಹತ್ತಿಯ ಉಂಡೆಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಇಡಿ, ಸ್ನಾನ ಆದ ತಕ್ಷಣ ತೆಗೀರಿ. ಮೀಟಿಂಗ್‌ಗೆ ಕಿವಿಯೊಳಗೆ ತೂರಿಸೋ ಇಯರ್‌ಬಡ್ಸ್ ಬೇಡ, ಒಳಗೆ ಬೆವರು ಕೂರುತ್ತೆ. ಸ್ಪೀಕರ್ ಹಾಕಿಕೊಳ್ಳಿ. ಬಡ್ಸ್ ಅಂತೂ ಮುಟ್ಟಲೇಬೇಡಿ.

ನೋವಿಗಿಂತ ತುರಿಕೆಯೇ ಜಾಸ್ತಿ ಇದ್ದು, ಒಳಗೆ ಬಿಳಿ ಪದರ ಅಥವಾ ಕಪ್ಪು ಚುಕ್ಕೆ ಕಂಡ್ರೆ ಅದು ಫಂಗಸ್ ಇರಬಹುದು. ಆಂಟಿಬಯೋಟಿಕ್ ಡ್ರಾಪ್ಸ್ ವಾರಗಟ್ಟಲೆ ಹಾಕಿದವರಲ್ಲೂ ಇದು ಬರುತ್ತೆ. ಅದಕ್ಕೆ ಕಿವಿ ಶುಚಿ ಮಾಡಿಸಿ, ಕ್ಲೋಟ್ರಿಮಜೋಲ್‌ನಂಥ ಬೇರೆ ಡ್ರಾಪ್ಸ್ ಹಾಕಬೇಕು.

ಮೂರು ದಿನ ಡ್ರಾಪ್ಸ್ ಹಾಕಿದ್ರೂ ನೋವು ಇಳಿಯದಿದ್ರೆ, ಜ್ವರ ಬಂದ್ರೆ, ಕಿವಿ ಹಿಂದೆ ಊದಿದ್ರೆ, ಮುಖ ಒಂದು ಕಡೆ ಸೊಟ್ಟಗಾದ್ರೆ ಕಾಯಬೇಡಿ. ಮನೆಯಲ್ಲಿ ಶುಗರ್ ಇರೋ ಅಪ್ಪ ಅಮ್ಮನಿಗೆ ಹೀಗೆ ಕಿವಿ ನೋಯ್ತಿದ್ರೆ ಮೊದಲ ದಿನವೇ ಇಎನ್‌ಟಿ ಡಾಕ್ಟರ್‌ಗೆ ತೋರಿಸಿ. ಅವರಲ್ಲಿ ಈ ಸೋಂಕು ಮೂಳೆಗೆ ಇಳಿಯಬಹುದು, ಆಗ ಬರೀ ಡ್ರಾಪ್ಸ್‌ಗೆ ಬಗ್ಗಲ್ಲ.